ಐದನೇ ಮಾಡ್ಯೂಲ್ ಯಾರ ಪಾಲಿಗೆ?

ವಿಟಿಯು ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಒಂಬತ್ತನೇ ಮತ್ತು ಹತ್ತನೇ ಪ್ರಶ್ನೆಗಳಿರುತ್ತವೆ. ಎರಡೂ ಐದನೇ ಮಾಡ್ಯೂಲಿನವು. ಒಂದೊಂದಕ್ಕೂ 20 ಅಂಕ, ಎರಡರಲ್ಲಿ ಒಂದನ್ನು ಬರೆದರೆ ಸಾಕು. ಆದರೂ ಉತ್ತರಪತ್ರಿಕೆಯ ಮೊದಲ ಪುಟಗಳಲ್ಲಿ ಒತ್ತೊತ್ತಾಗಿ ಸಾಗುವ ಕೈಬರಹ ಇಲ್ಲಿಗೆ ಬರುವ ಹೊತ್ತಿಗೆ ಸಡಿಲವಾಗಿರುತ್ತದೆ. ಒಂದು ವ್ಯಾಖ್ಯೆ, ಅರ್ಧ ಚಿತ್ರ, ಅಲ್ಲಿಗೆ ಮುಗಿಯಿತು. ಸಮಯ ಸಾಲಲಿಲ್ಲ ಎಂದು ಹೊರಗೆ ಬಂದು ಹೇಳುತ್ತಾರೆ. ಸಮಯ ಸಾಲದೇ ಹೋಗಿದ್ದು ಹೌದು, ಆದರೆ ಅದು ಆ ಮೂರು ಗಂಟೆಯಲ್ಲಲ್ಲ. ಸೆಮಿಸ್ಟರಿನ ಕೊನೆಯ ಎರಡು ವಾರಗಳಲ್ಲಿ, ಇಂಟರ್ನಲ್ಸ್, ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್ ಎಲ್ಲ ಒಟ್ಟಿಗೆ ಮೇಲೆ ಬಿದ್ದಾಗ.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಸೆಮಿಸ್ಟರನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ರಾಜ್ಯದ ಮೂಲೆ ಮೂಲೆಯ ಕಾಲೇಜುಗಳಲ್ಲಿ ಒಂದೇ ನಿಯಮ ನಡೆಯುವುದರಿಂದ ಲೆಕ್ಕ ಹಾಕಲು ಸುಲಭ. 2022ರ ಸ್ಕೀಮಿನ ಪ್ರಕಾರ ಒಂದು ಥಿಯರಿ ವಿಷಯಕ್ಕೆ ಒಟ್ಟು 100 ಅಂಕ. ಅದರಲ್ಲಿ 50 ಕಾಲೇಜಿನೊಳಗಿನ ನಿರಂತರ ಮೌಲ್ಯಮಾಪನಕ್ಕೆ, ಅಂದರೆ ಸಿಐಇಗೆ. ಉಳಿದ 50 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ, ಅಂದರೆ ಎಸ್‌ಇಇಗೆ. ಈ ಕೊನೆಯ ಪರೀಕ್ಷೆಯನ್ನು 100 ಅಂಕಕ್ಕೆ ಬರೆಸಿ ಅರ್ಧಕ್ಕೆ ಇಳಿಸಿಕೊಳ್ಳುತ್ತಾರೆ. ಸಿಐಇಯ 50ರಲ್ಲಿ 25 ಎರಡು ಇಂಟರ್ನಲ್ ಟೆಸ್ಟುಗಳಿಂದ, ಇನ್ನು 25 ಅಸೈನ್‌ಮೆಂಟಿನಂಥ ಚಟುವಟಿಕೆಗಳಿಂದ ಬರುತ್ತದೆ.

ಪಾಸಾಗುವ ನಿಯಮದಲ್ಲಿ ಮೂರು ಗೆರೆಗಳಿವೆ. ಸಿಐಇಯಲ್ಲಿ ಕನಿಷ್ಠ 20, ಎಸ್‌ಇಇಯಲ್ಲಿ ಕನಿಷ್ಠ 18, ಎರಡೂ ಸೇರಿ ಕನಿಷ್ಠ 40. ನಡುವಿನ ಗೆರೆ ಬಹಳ ಜನರಿಗೆ ಫಲಿತಾಂಶ ಬಂದ ದಿನವೇ ಗೊತ್ತಾಗುವುದು. ಇಂಟರ್ನಲ್ಸ್‌ನಲ್ಲಿ 48 ತೆಗೆದು, ಹೊರಗಿನ ಪರೀಕ್ಷೆಯಲ್ಲಿ 17 ತೆಗೆದವರ ಮೊತ್ತ 65. ಆದರೂ ಅದು ಬ್ಯಾಕ್. ಒಳಗೆ ಕೂಡಿಟ್ಟ ಅಂಕ ಗ್ರೇಡನ್ನು ಎತ್ತುತ್ತದೆಯೇ ಹೊರತು ಹೊರಗಿನ ಪರೀಕ್ಷೆಯಲ್ಲಿ ಮುಗ್ಗರಿಸಿದವರನ್ನು ಎತ್ತಿ ನಿಲ್ಲಿಸುವುದಿಲ್ಲ. ಹಾಗೆಂದು ಇಂಟರ್ನಲ್ಸನ್ನು ಕಡೆಗಣಿಸುವಂತೆಯೂ ಇಲ್ಲ. 20 ಬಾರದಿದ್ದರೆ ಪರೀಕ್ಷೆಗೆ ಕೂರಲು ಅರ್ಹತೆಯೇ ಇಲ್ಲ.

ಇನ್ನು ಕ್ಯಾಲೆಂಡರ್ ನೋಡೋಣ. ಒಂದು ಥಿಯರಿ ವಿಷಯಕ್ಕೆ ಸಾಮಾನ್ಯವಾಗಿ 40 ಗಂಟೆ ಪಾಠ, ಐದು ಮಾಡ್ಯೂಲ್, ಮಾಡ್ಯೂಲಿಗೆ ಎಂಟು ಗಂಟೆ. ವಾರಕ್ಕೆ ಮೂರು ಕ್ಲಾಸ್ ಎಂದರೆ ಪಾಠ ಮುಗಿಯಲು ಹದಿಮೂರು, ಹದಿನಾಲ್ಕು ವಾರ ಬೇಕು. ಮೊದಲ ಟೆಸ್ಟ್ ಪಠ್ಯದ ಶೇ 40ರಿಂದ 50ರಷ್ಟು ಮುಗಿದ ಮೇಲೆ, ಎರಡನೆಯದು ಶೇ 85ರಿಂದ 90ರಷ್ಟು ಮುಗಿದ ಮೇಲೆ ನಡೆಯಬೇಕು ಎಂಬುದು ನಿಯಮ. ಅಂದರೆ ಮೊದಲನೆಯದು ಆರನೇ ವಾರದ ಆಸುಪಾಸಿನಲ್ಲಿ, ಎರಡನೆಯದು ಹನ್ನೆರಡರ ಹೊತ್ತಿಗೆ. ಮೊದಲ ಟೆಸ್ಟಿಗೆ ಒಂದು ಮತ್ತು ಎರಡನೇ ಮಾಡ್ಯೂಲ್ ಓದುತ್ತೀರಿ. ಎರಡನೆಯದಕ್ಕೆ ಮೂರು ಮತ್ತು ನಾಲ್ಕನ್ನು ಓದುತ್ತೀರಿ, ಐದರ ತುದಿ ಸ್ವಲ್ಪ ತಾಗಿದರೆ ತಾಗಿತು. ಐದನೆಯದನ್ನು ಪೂರ್ತಿ ಓದಿಸುವ ಟೆಸ್ಟ್ ಯಾವುದೂ ಇಲ್ಲ. ಅದರ ಪಾಠ ನಡೆಯುವುದು ರೆಕಾರ್ಡ್ ಸಹಿ, ಲ್ಯಾಬ್ ಇಂಟರ್ನಲ್, ಕೊನೆಯ ಅಸೈನ್‌ಮೆಂಟುಗಳ ಗದ್ದಲದ ನಡುವೆ. ಮೇಷ್ಟ್ರೂ ಆಗ ಪಠ್ಯ ಮುಗಿಸುವ ಅವಸರದಲ್ಲಿರುತ್ತಾರೆ. ಐದು ವಿಷಯಗಳಿದ್ದರೆ ಹೀಗೆ ಐದು ಮಾಡ್ಯೂಲ್ ಒಂದೇ ಕಡೆ ಗುಡ್ಡೆ ಬೀಳುತ್ತವೆ. ಒಂದೊಂದಕ್ಕೂ ಎಸ್‌ಇಇಯಲ್ಲಿ 20 ಅಂಕ, ಇಳಿಸಿದ ಮೇಲೆ 10.

ಓದಿನ ವೇಳಾಪಟ್ಟಿ ಮಾಡುವವರು ಸಾಮಾನ್ಯವಾಗಿ ಟೆಸ್ಟಿನ ತಾರೀಖು, ಅಸೈನ್‌ಮೆಂಟಿನ ತಾರೀಖುಗಳನ್ನು ಗುರುತು ಹಾಕಿಕೊಂಡು, ಪ್ರತಿಯೊಂದರ ಹಿಂದಿನ ಎರಡು ಮೂರು ದಿನಗಳನ್ನು ಅದಕ್ಕೆ ಕೊಡುತ್ತಾರೆ. ಇಂಥ ಪಟ್ಟಿಯಲ್ಲಿ ತಾರೀಖು ಇರುವ ಕೆಲಸಕ್ಕೆ ಮಾತ್ರ ಜಾಗ. ಐದನೇ ಮಾಡ್ಯೂಲಿಗೆ ತಾರೀಖೇ ಇಲ್ಲ. ಹಾಗಾಗಿ ನನ್ನ ಮಟ್ಟಿಗೆ ಯೋಜನೆಯನ್ನು ತಾರೀಖಿನಿಂದ ಶುರು ಮಾಡುವುದೇ ತಪ್ಪು. ಮಾಡ್ಯೂಲಿನಿಂದ ಶುರು ಮಾಡಬೇಕು.

ಕಂಪ್ಯೂಟರ್ ಸೈನ್ಸ್ ಮೂರನೇ ಸೆಮಿಸ್ಟರಿನ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಗಣಿತ, ಡಿಜಿಟಲ್ ಡಿಸೈನ್, ಆಪರೇಟಿಂಗ್ ಸಿಸ್ಟಮ್ಸ್, ಡೇಟಾ ಸ್ಟ್ರಕ್ಚರ್ಸ್, ಜಾವಾ ಎಂದು ಐದು ವಿಷಯ. ಮಾಡ್ಯೂಲುಗಳು ಇಪ್ಪತ್ತೈದು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಐದು ಸಾಲು, ಐದು ಕಾಲಂ ಗೆರೆ ಹೊಡೆದರೆ ಇಡೀ ಸೆಮಿಸ್ಟರ್ ಅಲ್ಲಿದೆ. ಅವಳು ದಿನಾ ಬಸ್ಸಿನಲ್ಲಿ ಓಡಾಡುವವಳು. ಸಂಜೆ ಮನೆ ಸೇರಿ, ಊಟ ಮುಗಿದು, ನಿಜವಾಗಿ ಪುಸ್ತಕ ಬಿಚ್ಚಿ ಕೂರಲು ಸಿಗುವುದು ಎರಡು ಗಂಟೆ. ವಾರದ ಐದು ದಿನಕ್ಕೆ ಹತ್ತು. ಶನಿವಾರ ಮಧ್ಯಾಹ್ನ ಎರಡು, ಭಾನುವಾರ ನಾಲ್ಕು. ಒಟ್ಟು ಹದಿನಾರು. ರೆಕಾರ್ಡ್ ಬರೆಯುವುದು, ಅಸೈನ್‌ಮೆಂಟ್, ಪ್ರೆಸೆಂಟೇಷನ್ ತಯಾರಿ ಇವೆಲ್ಲ ವಾರಕ್ಕೆ ಆರು ಗಂಟೆ ತಿನ್ನುತ್ತವೆ. ಉಳಿದಿದ್ದು ಹತ್ತು. ಹದಿನಾಲ್ಕು ವಾರಕ್ಕೆ 140. ಹಬ್ಬ, ಜ್ವರ, ನೆಂಟರ ಮದುವೆ, ಸುಮ್ಮನೆ ಮನಸ್ಸಿಲ್ಲದ ದಿನಗಳಿಗೆಂದು 25 ಕಳೆದರೆ 115. ಒಂದು ಮಾಡ್ಯೂಲನ್ನು ಪರೀಕ್ಷೆಯಲ್ಲಿ ಬರೆಯುವಷ್ಟು ಕಲಿಯಲು ನಾಲ್ಕೂವರೆ ಗಂಟೆ ಎಂದು ಹಿಡಿದರೆ ಇಪ್ಪತ್ತೈದಕ್ಕೆ 112.5 ಗಂಟೆ ಬೇಕು.

ಎರಡೂವರೆ ಗಂಟೆ ಉಳಿಯಿತು! ಕಾಗದದ ಮೇಲೆ ಸಾಕಷ್ಟೇ ಸಾಕು. ಆದರೆ ಇಲ್ಲೊಂದು ಷರತ್ತಿದೆ. ಇಂಟರ್ನಲ್ ಟೆಸ್ಟಿಗೆ ಓದಿದ ಗಂಟೆ ಮತ್ತು ಎಸ್‌ಇಇಗೆ ಓದಿದ ಗಂಟೆ ಎಂದು ಎರಡು ಲೆಕ್ಕ ಇಡುವಂತಿಲ್ಲ. ಆರನೇ ವಾರದ ಟೆಸ್ಟಿಗೆಂದು ಓದಿದ್ದು ಆಗಲೇ ಪೂರ್ತಿ ಆಗಿರಬೇಕು, ಕೊನೆಗೆ ಮತ್ತೆ ಮೊದಲಿನಿಂದ ಓದುವಂತಾಗಬಾರದು. ಟೆಸ್ಟಿನ ಹಿಂದಿನ ರಾತ್ರಿ ಓದಿ, ಬ್ಲೂ ಬುಕ್ಕಿನಲ್ಲಿ ಬರೆದು, ಮರುದಿನ ಮರೆತರೆ ಆ ನಾಲ್ಕೂವರೆ ಗಂಟೆಯನ್ನು ಡಿಸೆಂಬರಿನಲ್ಲೋ ಜನವರಿಯಲ್ಲೋ ಮತ್ತೊಮ್ಮೆ ಕೊಡಬೇಕು, ಆಗ ಅದು ಕೈಯಲ್ಲಿರುವುದಿಲ್ಲ.

ಹಾಗಾದರೆ ಒಂದು ಮಾಡ್ಯೂಲ್ 'ಆಯಿತು' ಎಂದು ಆ ಪುಟದಲ್ಲಿ ಅದರ ಮನೆಗೆ ಟಿಕ್ ಹಾಕುವುದು ಯಾವಾಗ? ಓದಿ ಮುಗಿಸಿದಾಗ ಅಲ್ಲ, ಯೂಟ್ಯೂಬಿನಲ್ಲಿ ಪಾಠ ನೋಡಿ ತಲೆಯಾಡಿಸಿದಾಗಲಂತೂ ಅಲ್ಲ. ಪರೀಕ್ಷೆ 180 ನಿಮಿಷ, ಬರೆಯಬೇಕಾದ ಪೂರ್ಣ ಪ್ರಶ್ನೆ ಐದು. ಒಂದಕ್ಕೆ 36 ನಿಮಿಷ. ಆ ಮಾಡ್ಯೂಲಿನ ಒಂದು ಪೂರ್ಣ ಪ್ರಶ್ನೆಯನ್ನು, ಅಂದರೆ 20 ಅಂಕದ ಎ, ಬಿ, ಸಿ ಎಲ್ಲವನ್ನೂ, ಪುಸ್ತಕ ಮುಚ್ಚಿ 36 ನಿಮಿಷದಲ್ಲಿ ಬರೆಯಲು ಬಂದರೆ ಟಿಕ್. ಇಲ್ಲದಿದ್ದರೆ ಅರ್ಧ ಗೆರೆ. ವಿಶ್ವವಿದ್ಯಾಲಯ ಹೊರಡಿಸುವ ಮಾದರಿ ಪ್ರಶ್ನೆಪತ್ರಿಕೆ, ಹಿಂದಿನ ವರ್ಷಗಳ ಪತ್ರಿಕೆಗಳು ಇದಕ್ಕೆ ಸಾಕು. ಹಳೆಯ ಸ್ಕೀಮಿನ ಪತ್ರಿಕೆಯನ್ನು ಹಿಡಿಯುವಾಗ ಮಾತ್ರ ಮಾಡ್ಯೂಲಿನ ಪಠ್ಯ ಅದೇ ಇದೆಯೇ ಎಂದು ಒಮ್ಮೆ ಸಿಲಬಸ್ ಜೊತೆ ತಾಳೆ ನೋಡಬೇಕು. ವಾಟ್ಸ್‌ಆ್ಯಪಿನಲ್ಲಿ ಹರಿದಾಡುವ 'ಪಾಸಿಂಗ್ ಪ್ಯಾಕೇಜ್' ಪಿಡಿಎಫ್‌ಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ.

ಇನ್ನು ಗಂಟೆಗಳನ್ನು ಎಲ್ಲಿ ಹಾಕಬೇಕೆಂಬ ಲೆಕ್ಕ. ಇಲ್ಲಿ ಒಂದು ವಿನಿಮಯ ದರವಿದೆ. ಎಸ್‌ಇಇಯಲ್ಲಿ ಬರೆದ ಎರಡು ಅಂಕ ಕೊನೆಯ ಮಾರ್ಕ್ಸ್‌ಕಾರ್ಡಿನಲ್ಲಿ ಒಂದಾಗುತ್ತದೆ, ಸಿಐಇಯ ಒಂದು ಒಂದಾಗಿಯೇ ಉಳಿಯುತ್ತದೆ. ಮೇಲ್ನೋಟಕ್ಕೆ ಇಂಟರ್ನಲ್ಸ್ ಅಗ್ಗ, ಅದಕ್ಕೇ ಎಲ್ಲ ಸುರಿಯಬೇಕು ಎನ್ನಿಸುತ್ತದೆ. ಆದರೆ ಬ್ಲೂ ಬುಕ್ಕಿನ ಅಂಕವೂ ಇಳಿಸಿದ ಮೇಲೆಯೇ ಲೆಕ್ಕಕ್ಕೆ ಬರುವುದು, ಮತ್ತು ಎಲ್ಲ ವಿಷಯಕ್ಕೂ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಗಣಿತ ಬರೀ ಥಿಯರಿ ವಿಷಯ. ಕಾಲೇಜು ಟೆಸ್ಟನ್ನು 50ಕ್ಕೆ ನಡೆಸಿ 25ಕ್ಕೆ ಇಳಿಸುತ್ತದೆ, ಎರಡು ಟೆಸ್ಟಿನ ಸರಾಸರಿ ತೆಗೆಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಟೆಸ್ಟಿನಲ್ಲಿ ಹತ್ತು ಅಂಕ ಕಡಿಮೆ ಬಂದರೆ ಕೊನೆಯಲ್ಲಿ ಹೋಗುವುದು ಎರಡೂವರೆ. ಆಪರೇಟಿಂಗ್ ಸಿಸ್ಟಮ್ಸ್ ಹಾಗಲ್ಲ, ಅದು ಥಿಯರಿ ಮತ್ತು ಲ್ಯಾಬ್ ಬೆಸೆದ ವಿಷಯ, ವಿಟಿಯು ಭಾಷೆಯಲ್ಲಿ ಐಪಿಸಿಸಿ. ಅದರ ಸಿಐಇಯ 50ರಲ್ಲಿ ಥಿಯರಿಗೆ 25, ಲ್ಯಾಬಿಗೆ 25. ಥಿಯರಿಯ 25ರಲ್ಲಿ ಟೆಸ್ಟುಗಳಿಗೆ 15, ಅಸೈನ್‌ಮೆಂಟಿಗೆ 10. ಲ್ಯಾಬಿನ 25ರಲ್ಲಿ ಪ್ರಯೋಗ ಮಾಡಿ ರೆಕಾರ್ಡ್ ಬರೆದದ್ದಕ್ಕೆ 15, ಕೊನೆಯ ಲ್ಯಾಬ್ ಟೆಸ್ಟಿಗೆ 10. ಇಲ್ಲಿ ಬ್ಲೂ ಬುಕ್ಕಿನಲ್ಲಿ ಅದೇ ಹತ್ತು ಅಂಕ ಹೋದರೆ ಕೊನೆಯಲ್ಲಿ ಕಳೆದುಕೊಳ್ಳುವುದು ಒಂದೂವರೆ ಮಾತ್ರ. ಅಂದರೆ ಇಂಥ ವಿಷಯದಲ್ಲಿ ಒಂದು ಇಂಟರ್ನಲ್ ಟೆಸ್ಟಿನ ಇಡೀ ಬೆಲೆ ಏಳೂವರೆ, ವಾರ ವಾರ ಲ್ಯಾಬಿನಲ್ಲಿ ಮಾಡಿ ಬರೆದದ್ದರ ಬೆಲೆ ಹದಿನೈದು. ಥಿಯರಿ ಮತ್ತು ಲ್ಯಾಬ್ ಎರಡರಲ್ಲೂ ಬೇರೆ ಬೇರೆಯಾಗಿ ಶೇ 40 ಬರಲೇಬೇಕು ಎಂಬ ನಿಯಮವೂ ಇದೆ. ಆದರೆ ನಡೆಯುವುದು ತದ್ವಿರುದ್ಧ. ಟೆಸ್ಟಿಗೆ ಎರಡು ರಾತ್ರಿ ನಿದ್ದೆಗೆಡುತ್ತಾರೆ, ರೆಕಾರ್ಡನ್ನು ಕೊನೆಯ ವಾರ ಪಕ್ಕದವರದು ನೋಡಿ ಒಂದೇ ಏಟಿಗೆ ಗೀಚುತ್ತಾರೆ.

ಆ ರೆಕಾರ್ಡಿನೊಳಗೇ ಐದನೇ ಮಾಡ್ಯೂಲ್ ಅಡಗಿ ಕೂತಿದೆ ಎಂಬುದು ಇನ್ನೊಂದು ಸಂಗತಿ. ಆಪರೇಟಿಂಗ್ ಸಿಸ್ಟಮ್ಸ್ ಲ್ಯಾಬಿನ ಪಟ್ಟಿ ನೋಡಿ. ಸಿಪಿಯು ಶೆಡ್ಯೂಲಿಂಗ್, ಬ್ಯಾಂಕರ್ಸ್ ಅಲ್ಗಾರಿದಂ, ಪೇಜ್ ರಿಪ್ಲೇಸ್‌ಮೆಂಟ್, ಫೈಲ್ ಅಲೊಕೇಷನ್, ಕೊನೆಗೆ ಸ್ಕ್ಯಾನ್ ಡಿಸ್ಕ್ ಶೆಡ್ಯೂಲಿಂಗ್. ಎರಡನೇ ಮಾಡ್ಯೂಲಿನಿಂದ ಐದನೆಯದರವರೆಗೆ ಎಸ್‌ಇಇಯಲ್ಲಿ ಲೆಕ್ಕದ ರೂಪದಲ್ಲಿ ಬರುವ ಪ್ರಶ್ನೆಗಳೇ ಇವು. ಎಂಟು, ಹತ್ತು ಅಂಕದವು. ಪರೀಕ್ಷಕ ಎಷ್ಟೇ ಬಿಗಿಯಾದರೂ ಉತ್ತರ ಸರಿ ಇದ್ದರೆ ಪೂರ್ತಿ ಅಂಕ ಕೊಡಲೇಬೇಕಾದ ಪ್ರಶ್ನೆಗಳು.

ಕೊನೆಯದನ್ನೇ ತೆಗೆದುಕೊಳ್ಳೋಣ. ಪಠ್ಯಪುಸ್ತಕಗಳಲ್ಲಿ ಬರುವ ಪ್ರಸಿದ್ಧ ಲೆಕ್ಕ ಇದು. ಡಿಸ್ಕಿನಲ್ಲಿ 0ಯಿಂದ 199ರವರೆಗೆ ಸಿಲಿಂಡರುಗಳಿವೆ, ಹೆಡ್ 53ರಲ್ಲಿದೆ. ಕೋರಿಕೆಗಳು ಬಂದ ಕ್ರಮ 98, 183, 37, 122, 14, 124, 65, 67. ಹೆಡ್ ಸೊನ್ನೆಯ ಕಡೆ ಹೊರಟಿದೆ ಎಂದರೆ ಸ್ಕ್ಯಾನ್ ಪ್ರಕಾರ 53ರಿಂದ 37, 14, ಅಲ್ಲಿಂದ 0 ಮುಟ್ಟಿ, ತಿರುಗಿ 65, 67, 98, 122, 124, 183. ಕೆಳಗಿಳಿದದ್ದು 53, ಮೇಲೇರಿದ್ದು 183, ಒಟ್ಟು ಚಲನೆ 236. ಲ್ಯಾಬಿನಲ್ಲಿ ಪ್ರೋಗ್ರಾಂ ರನ್ ಮಾಡಿದಾಗ ಪರದೆಯ ಮೇಲೆ 208 ಬಂತು ಎನ್ನಿ. ಔಟ್‌ಪುಟ್ ಬಂತಲ್ಲ ಎಂದು ಬರೆದುಕೊಂಡು ಹೋಗುವವರೇ ಹೆಚ್ಚು. ಕೈಯಲ್ಲಿ ಲೆಕ್ಕ ಮಾಡಿದವರಿಗೆ ಮಾತ್ರ ಎಲ್ಲಿ ತಪ್ಪಿದೆ ಎಂದು ತಕ್ಷಣ ಹೊಳೆಯುತ್ತದೆ. ಪ್ರೋಗ್ರಾಂ ಸೊನ್ನೆಯವರೆಗೆ ಹೋಗದೆ 14ರಲ್ಲೇ ತಿರುಗಿಬಿಟ್ಟಿದೆ. 53ರಿಂದ 14ಕ್ಕೆ 39, 14ರಿಂದ 183ಕ್ಕೆ 169, ಸೇರಿ 208. ಅದು ಸ್ಕ್ಯಾನ್ ಅಲ್ಲ, ಲುಕ್ ಎಂಬ ಇನ್ನೊಂದು ವಿಧಾನ. ಅಬ್ಸರ್ವೇಷನ್ ಬುಕ್ಕಿನಲ್ಲಿ ಪ್ರೋಗ್ರಾಮಿನ ಕೆಳಗೆ ಹತ್ತು ನಿಮಿಷ ತೆಗೆದುಕೊಂಡು ಈ ಎರಡು ಲೆಕ್ಕವನ್ನೂ ರೇಖಾಚಿತ್ರವನ್ನೂ ಬರೆದಿಟ್ಟರೆ ಅಂದಿನ ಲ್ಯಾಬ್ ಅಂಕ ಬಂತು, ವೈವಾದಲ್ಲಿ 'ಸ್ಕ್ಯಾನ್‌ಗೂ ಲುಕ್‌ಗೂ ಏನಮ್ಮಾ ವ್ಯತ್ಯಾಸ' ಎಂದು ಕೇಳಿದರೆ ಉತ್ತರ ಸಿದ್ಧವಾಯಿತು, ಐದನೇ ಮಾಡ್ಯೂಲಿನ ಒಂದು ಗಟ್ಟಿ ಪ್ರಶ್ನೆಯೂ ಕೈಗೆ ಬಂತು. ಮೂರು ಕಡೆ ಚೆಲ್ಲಿಹೋಗಬೇಕಾದ ಸಮಯ ಒಂದೇ ಕಡೆ ನಿಂತಿತು. ನಾನು ಕಂಡ ಮಟ್ಟಿಗೆ ಸಮಯ ಉಳಿಸುವ ದಾರಿಗಳಲ್ಲಿ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ.

ಆದರೆ ಒಂದು ಎಚ್ಚರ. ಈ ಒಂದು ಲೆಕ್ಕದಿಂದ ಮನೆಗೆ ಟಿಕ್ ಬೀಳುವುದಿಲ್ಲ. ಒಂಬತ್ತನೇ ಪ್ರಶ್ನೆಯ ಬಿ ಭಾಗದಲ್ಲಿ ಡಿಸ್ಕ್ ಶೆಡ್ಯೂಲಿಂಗ್ ಬಂದು, ಎ ಭಾಗದಲ್ಲಿ ಫೈಲ್ ಅಲೊಕೇಷನ್ ವಿಧಾನಗಳು ಬಂದಿದ್ದರೆ ಎರಡೂ ಗೊತ್ತಿರಬೇಕು. ಒಂಬತ್ತರ ಬಿ ಬರೆದು ಹತ್ತರ ಎ ಬರೆಯುತ್ತೇನೆ ಎಂದರೆ ನಡೆಯುವುದಿಲ್ಲ, ಪೂರ್ಣ ಪ್ರಶ್ನೆ ಒಂದೇ ಆಗಿರಬೇಕು. ಅರ್ಧ ಮಾಡ್ಯೂಲ್ ಓದಿದವರಿಗೆ ಅರ್ಧವೇ ಅಂಕ, ಕೆಲವೊಮ್ಮೆ ಅದೃಷ್ಟ ಕೈಕೊಟ್ಟರೆ ಅದೂ ಇಲ್ಲ. ಒಂದು ಮಾಡ್ಯೂಲಿಗೆ ಎರಡು ಪ್ರಶ್ನೆ ಇದೆಯೆಂದು ಅರ್ಧ ಬಿಟ್ಟು ಓದುವವರ ಎಣಿಕೆ ತಪ್ಪುವುದು ಇಲ್ಲಿ. ಇಂಗ್ಲಿಷ್ ಅಕ್ಷರಗಳ ಆ ಪುಟ್ಟ ಎ, ಬಿ, ಸಿಗಳು ಬೇರೆ ಬೇರೆ ಪಾಠಗಳಿಂದ ಬಂದಿರುತ್ತವೆ, ಬರಬೇಕೆಂದೇ ನಿಯಮ.

ಐದನೇ ಮಾಡ್ಯೂಲನ್ನು ಐದನೆಯದಾಗಿಯೇ ಓದಬೇಕೆಂಬುದು ಅಭ್ಯಾಸ ಅಷ್ಟೇ, ನಿಯಮವಲ್ಲ. ಡಿಸ್ಕ್ ಶೆಡ್ಯೂಲಿಂಗ್ ಅರ್ಥವಾಗಲು ಡೆಡ್‌ಲಾಕ್ ತಿಳಿದಿರಬೇಕಿಲ್ಲ. ಡೇಟಾ ಸ್ಟ್ರಕ್ಚರ್ಸ್‌ನ ಐದನೆಯದರಲ್ಲಿ ಬರುವ ಹ್ಯಾಶಿಂಗ್‌ಗೆ ಅರೇ ಮತ್ತು ಲಿಂಕ್ಡ್ ಲಿಸ್ಟ್ ಗೊತ್ತಿದ್ದರೆ ಸಾಕು, ಅವು ಮೊದಲ ಮಾಡ್ಯೂಲುಗಳಲ್ಲೇ ಮುಗಿದಿರುತ್ತವೆ. ಗಣಿತದ ಐದನೆಯದು ಅನೋವಾ. ಹಿನ್ನೆಲೆ ಅರ್ಥವಾಗಲು ಮೂರು, ನಾಲ್ಕನೇ ಮಾಡ್ಯೂಲಿನ ಊಹೆ ಪರೀಕ್ಷೆಯ ಪಾಠ ಬೇಕೇ ಬೇಕು, ಹಾಗಾಗಿ ಅದನ್ನು ಮುಂದಕ್ಕೆ ಎಳೆದುಕೊಳ್ಳಲು ಹೋಗಬಾರದು. ಹೀಗೆ ಐದು ವಿಷಯಗಳ ಐದನೇ ಕಾಲಂ ನೋಡಿ, ಯಾವುದಕ್ಕೆ ಹಿಂದಿನ ಆಧಾರ ಕಡಿಮೆ ಸಾಕು ಎಂದು ಕಂಡುಕೊಂಡು, ಅಂಥ ಎರಡನ್ನು ಆರಿಸಿಕೊಂಡು ಮುಂಚೆಯೇ ಮುಗಿಸುವುದು ಜಾಣತನ. ಸಿಲಬಸ್ ಪ್ರತಿ ಹಿಡಿದು ಸೀನಿಯರ್ ಒಬ್ಬರ ಜೊತೆ ಕೂತರೆ ಇದು ಅರ್ಧ ಗಂಟೆಯ ಕೆಲಸ.

ಮುಂಚೆ ಎಂದರೆ ಯಾವಾಗ? ಮೊದಲ ಇಂಟರ್ನಲ್ ಮುಗಿದ ಮರುವಾರ. ಇಡೀ ಸೆಮಿಸ್ಟರಿನಲ್ಲಿ ಯಾರೂ ಏನನ್ನೂ ಕೇಳದ ವಾರ ಅದೊಂದೇ. ಮೇಷ್ಟ್ರುಗಳು ಬ್ಲೂ ಬುಕ್ ತಿದ್ದುತ್ತಿರುತ್ತಾರೆ, ಎರಡನೇ ಅಸೈನ್‌ಮೆಂಟ್ ಇನ್ನೂ ಕೊಟ್ಟಿರುವುದಿಲ್ಲ, ರೆಕಾರ್ಡ್ ಬಾಕಿ ದೊಡ್ಡದಾಗಿರುವುದಿಲ್ಲ. ಟೆಸ್ಟ್ ಮುಗಿಯಿತೆಂದು ಕ್ಲಾಸಿಗೆ ಕ್ಲಾಸೇ ಸಿನಿಮಾಕ್ಕೆ ಹೋಗುತ್ತದೆ. ಹೋಗಲಿ, ನಾನೇನೂ ಬೇಡ ಅನ್ನುವುದಿಲ್ಲ. ಅದರ ಮುಂದಿನ ಹತ್ತು ಗಂಟೆಯಲ್ಲಿ ಒಂಬತ್ತನ್ನು ಆ ಎರಡು ಮಾಡ್ಯೂಲಿಗೆ ಕೊಟ್ಟರೆ ಕೊನೆಯ ಎರಡು ವಾರಕ್ಕೆ ಐದರ ಬದಲು ಮೂರು ಉಳಿಯುತ್ತವೆ. ಮೂರಕ್ಕೆ ಹದಿಮೂರೂವರೆ ಗಂಟೆ. ಎರಡು ವಾರದ ಇಪ್ಪತ್ತರಲ್ಲಿ ಲ್ಯಾಬ್ ಟೆಸ್ಟಿನ ತಯಾರಿಗೂ ಸೇರಿ ಹೊಂದುತ್ತದೆ.

ಅಸೈನ್‌ಮೆಂಟಿಗೆ ಬರೋಣ. ಗಣಿತದಂಥ ವಿಷಯದಲ್ಲಿ ಅದಕ್ಕೆ 25 ಅಂಕ, ಸಣ್ಣದಲ್ಲ. ಆದರೆ ಹೊತ್ತಿಗೆ ಸರಿಯಾಗಿ, ಸ್ವಂತವಾಗಿ, ಕೇಳಿದ್ದನ್ನು ಬರೆದುಕೊಟ್ಟರೆ 20, 21ರ ಹತ್ತಿರ ಸಾಮಾನ್ಯವಾಗಿ ಬಂದೇ ಬರುತ್ತದೆ. ಅಲ್ಲಿಂದ 23ಕ್ಕೆ ಏರಿಸಲು ಇನ್ನೊಂದು ಇಡೀ ಸಂಜೆ ಬೇಕಾಗುತ್ತದೆ. ಆ ಎರಡು ಅಂಕವನ್ನು ಎಸ್‌ಇಇಯಲ್ಲಿ ಗಳಿಸಲು ನಾಲ್ಕು ಅಂಕದಷ್ಟು ಬರೆಯಬೇಕು, ಒಂದು ಸಣ್ಣ ಉಪಪ್ರಶ್ನೆಯ ಅರ್ಧ. ಅದೇ ಸಂಜೆ ಒಂದು ಮಾಡ್ಯೂಲಿಗೆ ಹೋದರೆ ಬರುವುದು ಅದರ ಎರಡರಷ್ಟೋ ಮೂರರಷ್ಟೋ. ಬಣ್ಣದ ಪೆನ್ನಿನಲ್ಲಿ ಮಾರ್ಜಿನ್ ಗೆರೆ, ಕವರ್ ಪೇಜಿನ ಮೇಲೆ ಕಾಲೇಜಿನ ಲೋಗೋ, ಸ್ಪೈರಲ್ ಬೈಂಡಿಂಗ್ ಇವುಗಳಿಗೆ ಹೋಗುವ ಹೊತ್ತು ನೆನೆದರೆ ಹೊಟ್ಟೆ ಉರಿಯುತ್ತದೆ. ಚೆಂದವಾಗಿ ಕೊಟ್ಟರೆ ಮೇಷ್ಟ್ರು ಅಂಕ ಕೊಡುತ್ತಾರೆಂಬ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ ಎಂಬುದು ಬೇರೆ ಮಾತು. ಅದು ಬದಲಾಗಬೇಕಾದದ್ದು ಮೇಷ್ಟ್ರುಗಳ ಕಡೆಯಿಂದ.

ಅಸೈನ್‌ಮೆಂಟಿನ ಪ್ರಶ್ನೆಯೇ 20 ಅಂಕದ ಪೂರ್ಣ ಪ್ರಶ್ನೆಯ ರೂಪದಲ್ಲಿದ್ದರೆ ಜಗಳವೇ ಇರುವುದಿಲ್ಲ, ಎರಡಕ್ಕೂ ಒಂದೇ ಬರಹ. ಇದನ್ನು ಕೇಳಿ ಪಡೆಯಬಹುದು. ತರಗತಿಯ ಪ್ರತಿನಿಧಿ ಸ್ಟಾಫ್ ರೂಮಿಗೆ ಹೋಗಿ, 'ಮೇಡಂ, ಎರಡನೇ ಅಸೈನ್‌ಮೆಂಟ್ ಐದನೇ ಮಾಡ್ಯೂಲಿನಿಂದ ಕೊಡ್ತೀರಾ? ಮಾದರಿ ಪತ್ರಿಕೆಯ ಪ್ರಶ್ನೆಗಳನ್ನೇ ಕೊಟ್ಟರೂ ಸರಿ' ಎಂದರೆ ಬಹಳಷ್ಟು ಶಿಕ್ಷಕರು ಒಪ್ಪುತ್ತಾರೆ, ಅವರಿಗೂ ಆ ಮಾಡ್ಯೂಲ್ ಹೇಗಾದರೂ ಮಕ್ಕಳ ತಲೆಗೆ ಇಳಿದರೆ ಸಾಕಾಗಿರುತ್ತದೆ. ಕೇಳುವ ಹೊತ್ತು ಮಾತ್ರ ಮುಖ್ಯ. ಟೆಸ್ಟಿನ ವೇಳಾಪಟ್ಟಿ ನೋಟಿಸ್ ಬೋರ್ಡಿಗೆ ಬೀಳುವ ಮೊದಲು ಕೇಳಿದರೆ ಕೊಡುವ ತಾರೀಖನ್ನೂ ಹಿಂದೆ ಮುಂದೆ ಮಾಡುತ್ತಾರೆ. ಐದು ಅಸೈನ್‌ಮೆಂಟೂ ಟೆಸ್ಟಿನ ಹಿಂದಿನ ದಿನವೇ ಬಂದು ಕೂರುವುದು ಯಾರೂ ಬೇಕೆಂದು ಮಾಡಿದ್ದಲ್ಲ, ಒಬ್ಬ ಶಿಕ್ಷಕರ ತಾರೀಖು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನೋಟಿಸ್ ಬಿದ್ದ ಮೇಲೆ ಗೋಗರೆದರೆ ಕೇಳುವವರಿಲ್ಲ.

ಈ ಒತ್ತಡದಲ್ಲಿ ಹುಡುಗರು ಹಿಡಿಯುವ ಇನ್ನೊಂದು ದಾರಿ ಬಂಕ್. ಅಸೈನ್‌ಮೆಂಟ್ ಬರೆಯಲು ಕ್ಲಾಸ್ ತಪ್ಪಿಸಿ ಲೈಬ್ರರಿಯಲ್ಲೋ ಕ್ಯಾಂಟೀನಿನಲ್ಲೋ ಕೂರುವುದು. ಶೇ 85 ಹಾಜರಾತಿ ಬೇಕು. 40 ಗಂಟೆಯ ಪಾಠದಲ್ಲಿ ತಪ್ಪಿಸಬಹುದಾದದ್ದು ಆರು. ಟೆಸ್ಟಿನ ಹಿಂದಿನ ಎರಡು ದಿನ, ರೆಕಾರ್ಡಿಗೆಂದು ಒಂದು ದಿನ, ಹೀಗೆ ಎರಡು ಬಾರಿ ಮಾಡಿದರೆ ಆರು ಮುಗಿದೇ ಹೋಯಿತು, ಜ್ವರ ಬಂದರೆ ಏನು ಗತಿ? ತಪ್ಪಿಸಿದ ಒಂದು ಗಂಟೆಯ ಪಾಠವನ್ನು ಮನೆಯಲ್ಲಿ ಸ್ವಂತವಾಗಿ ಓದಿ ತಿಳಿಯಲು ಎರಡು ಗಂಟೆ ಬೇಕಾಗುತ್ತದೆ ಎಂಬುದನ್ನೂ ಸೇರಿಸಿ. ಉಳಿಸಿದ ಗಂಟೆಗೆ ಬಡ್ಡಿ ಕಟ್ಟಿದಂತಾಯಿತು.

ಯೋಜನೆ ಹಳಿ ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ? ಆ ಇಪ್ಪತ್ತೈದು ಮನೆಯ ಪುಟವೇ ಹೇಳುತ್ತದೆ. ಮೊದಲ ಟೆಸ್ಟ್ ಮುಗಿದಾಗ ಹತ್ತು ಮನೆಯಲ್ಲಿ ಎಂಟಾದರೂ ಟಿಕ್ ಆಗಿರಬೇಕು. ಐದಾರೇ ಇದ್ದರೆ ಓದಿದ್ದು ಬರವಣಿಗೆಗೆ ಇಳಿದಿಲ್ಲ ಎಂದರ್ಥ, ಗಂಟೆ ಕಡಿಮೆಯಾದದ್ದಕ್ಕಿಂತ ಇದೇ ಹೆಚ್ಚಿನ ಸಲ ಕಾರಣ. ಎರಡು ವಾರ ಒಂದೂ ಹೊಸ ಟಿಕ್ ಬಿದ್ದಿಲ್ಲವೆಂದರೆ ಅಸೈನ್‌ಮೆಂಟುಗಳು ಆರು ಗಂಟೆಯ ಬೇಲಿ ಹಾರಿ ಉಳಿದ ಹತ್ತನ್ನೂ ಮೇಯುತ್ತಿವೆ. ಇನ್ನು ಲ್ಯಾಬ್ ರೆಕಾರ್ಡಿನಲ್ಲಿ ಮೂರು ಪ್ರಯೋಗಕ್ಕಿಂತ ಹೆಚ್ಚು ಬಾಕಿ ಬಿದ್ದರೆ ಅದನ್ನು ಆ ಭಾನುವಾರವೇ ತೀರಿಸಬೇಕು. ಅದು ಬಾಕಿ ಉಳಿದಷ್ಟೂ ನಕಲಾಗುತ್ತದೆ, ನಕಲಾದ ರೆಕಾರ್ಡಿನಿಂದ ಮೇಲೆ ಹೇಳಿದ ಮೂರು ಲಾಭದಲ್ಲಿ ಎರಡು ಹೋಗುತ್ತವೆ.

ಇದೇ ಲೆಕ್ಕ ಎಲ್ಲ ಕಡೆ ಹೀಗೇ ನಡೆಯುವುದಿಲ್ಲ. ಸ್ವಾಯತ್ತ ಕಾಲೇಜುಗಳು ಟೆಸ್ಟಿನ ಸಂಖ್ಯೆ, ಹಂಚಿಕೆಗಳನ್ನು ತಾವೇ ಇಟ್ಟುಕೊಳ್ಳುತ್ತವೆ. ಕೊನೆಯ ಪರೀಕ್ಷೆಗೆ 80, ಇಂಟರ್ನಲ್ಸ್‌ಗೆ 20 ಇರುವ ಪದವಿ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ ವಾರಕ್ಕೆ ಆರು ಗಂಟೆ ಕೊಡುವುದು ದುಂದು. ಆದರೆ ತಮ್ಮ ವಿಶ್ವವಿದ್ಯಾಲಯದ ಹಂಚಿಕೆ ಹಿಡಿದು, ಒಂದು ಟೆಸ್ಟಿನ ಹತ್ತು ಅಂಕ ಮಾರ್ಕ್ಸ್‌ಕಾರ್ಡಿನಲ್ಲಿ ಎಷ್ಟಾಗಿ ನಿಲ್ಲುತ್ತದೆ ಎಂದು ಸೆಮಿಸ್ಟರಿನ ಮೊದಲ ವಾರವೇ ಯಾರು ಬೇಕಾದರೂ ಕೂಡಿ ಕಳೆದು ನೋಡಬಹುದು.

ತಡವಾಗಿ ಎಚ್ಚೆತ್ತವರೂ ಇರುತ್ತಾರಲ್ಲ. ಪರೀಕ್ಷೆಗೆ ಮೂರು ವಾರ ಇದೆ, ಇಪ್ಪತ್ತೈದರಲ್ಲಿ ಟಿಕ್ ಬಿದ್ದದ್ದು ಆರು. ಎಲ್ಲವನ್ನೂ ಮುಗಿಸುತ್ತೇನೆಂದು ಹೊರಟರೆ ಯಾವುದೂ ಬರೆಯುವ ಮಟ್ಟಕ್ಕೆ ಬರುವುದಿಲ್ಲ. ಪಾಸಾಗಲು ಬರೆಯಬೇಕಾದದ್ದು 100ಕ್ಕೆ 36. ಚೆನ್ನಾಗಿ ಬಂದ ಮಾಡ್ಯೂಲಿನಲ್ಲೂ 20ಕ್ಕೆ 14 ಎಂದೇ ಹಿಡಿಯಬೇಕು. ಎರಡು ಮಾಡ್ಯೂಲಿಗೆ 28, ಸಾಲದು. ಮೂರಕ್ಕೆ 42, ಒಂದಿಷ್ಟು ಉಸಿರಾಡುವ ಜಾಗ ಇದೆ. ಹಾಗಾಗಿ ವಿಷಯಕ್ಕೆ ಮೂರರಂತೆ ಹದಿನೈದು ಮನೆ, ಆಗಲೇ ಆರು ಆಗಿದ್ದರೆ ಇನ್ನು ಒಂಬತ್ತು, ಸುಮಾರು ನಲವತ್ತು ಗಂಟೆ. ಸ್ಟಡಿ ಹಾಲಿಡೇ ಶುರುವಾದ ಮೇಲೆ ಇದು ಕಷ್ಟವಲ್ಲ. ಆ ಮೂರರಲ್ಲಿ ಲೆಕ್ಕದ ಪ್ರಶ್ನೆ ಬರುವ ಮಾಡ್ಯೂಲುಗಳಿಗೆ ಮೊದಲ ಸ್ಥಾನ ಕೊಡಬೇಕು. ಆಪರೇಟಿಂಗ್ ಸಿಸ್ಟಮ್ಸ್‌ನಲ್ಲಿ ಅಂದರೆ ಶೆಡ್ಯೂಲಿಂಗ್ ಇರುವ ಎರಡು, ಬ್ಯಾಂಕರ್ಸ್ ಇರುವ ಮೂರು, ಪೇಜ್ ರಿಪ್ಲೇಸ್‌ಮೆಂಟ್ ಇರುವ ನಾಲ್ಕು. ಐದನೆಯದನ್ನು ಪೂರ್ತಿ ಬಿಡಬೇಕಾಗಿ ಬಂದರೂ ಡಿಸ್ಕ್ ಶೆಡ್ಯೂಲಿಂಗ್ ಒಂದನ್ನು ಹಿಂದಿನ ದಿನ ಒಂದು ಗಂಟೆ ಕೂತು ಮಾಡಿಕೊಂಡು ಹೋಗಬಹುದು, ಒಂಬತ್ತರಲ್ಲೋ ಹತ್ತರಲ್ಲೋ ಅದು ಬಂದರೆ ಆ ಪ್ರಶ್ನೆ ಸಂಖ್ಯೆ ಹಾಕಿ, 14 ಆದ ಮೇಲೆ 0 ಬರೆಯಲು ಮರೆಯದೆ, ಕೊನೆಯ ಹತ್ತು ನಿಮಿಷದಲ್ಲಿ ಬರೆದಿಟ್ಟು ಏಳಬಹುದು.